ಸೆರೆಬ್ರಮ್ ಸ್ಲೈಡಿನಲ್ಲಿ ಆರು ಪದರ ಎಲ್ಲಿವೆ?

ಪ್ರಶ್ನೆ: ನಾನು ಎಂಬಿಬಿಎಸ್ ಮೊದಲ ವರ್ಷ. ಸೆರೆಬೆಲ್ಲಮ್ ಸ್ಲೈಡ್ ನೋಡಿದ ತಕ್ಷಣ ಗೊತ್ತಾಗುತ್ತೆ. ಆದ್ರೆ ಸೆರೆಬ್ರಮ್ ಸ್ಲೈಡಲ್ಲಿ ಪುಸ್ತಕದ ಆರು ಪದರ ಕಾಣೋದೇ ಇಲ್ಲ. ಎಲ್ಲಾ ಗುಲಾಬಿ, ಮಧ್ಯೆ ಚುಕ್ಕೆಗಳು ಅಷ್ಟೆ. ಎಲ್ಲಿಂದ ನೋಡ್ಬೇಕು, ಯಾವ ಸೆಲ್ ಹೇಗೆ ಗುರುತಿಸೋದು?

ಉತ್ತರ:

ನಾನು ಅನಾಟಮಿ ವಿಭಾಗದಲ್ಲಿ ಹಿಸ್ಟಾಲಜಿ ಕಲಿಸುತ್ತೇನೆ. ಪ್ರತಿ ಬ್ಯಾಚಿನಲ್ಲೂ ಈ ಮಾತು ಬರುತ್ತದೆ. ತೊಂದರೆ ನಿಮ್ಮ ಕಣ್ಣಿನಲ್ಲಿಲ್ಲ, ಪುಸ್ತಕದ ಆ ಚಿತ್ರದಲ್ಲಿದೆ. ಅದನ್ನು ಇನ್ನೊಮ್ಮೆ ತೆಗೆದು ನೋಡಿ. ಸಾಮಾನ್ಯವಾಗಿ ಅಲ್ಲಿ ಅಕ್ಕಪಕ್ಕ ಮೂರು ಪಟ್ಟಿಗಳಿರುತ್ತವೆ. ಮೂರಕ್ಕೂ ಬಳಸಿದ ಬಣ್ಣ ಬೇರೆ ಬೇರೆ. ಒಂದು ಗಾಲ್ಜಿ ವಿಧಾನದ್ದು. ಅದರಲ್ಲಿ ಬೆರಳೆಣಿಕೆಯ ನರಕೋಶಗಳಿಗೆ ಮಾತ್ರ ಬೆಳ್ಳಿ ಹತ್ತುತ್ತದೆ, ಆದರೆ ಹತ್ತಿದ ಕೋಶ ತನ್ನ ಕೊಂಬೆಗಳ ಸಮೇತ ಪೂರ್ತಿ ಕಪ್ಪಾಗಿ ಕಾಣುತ್ತದೆ. ಇನ್ನೊಂದು ನಿಸ್ಲ್ ಬಣ್ಣದ್ದು, ಅದರಲ್ಲಿ ಕೋಶದ ಒಡಲು ಮಾತ್ರ. ಮೂರನೆಯದು ಮಯಲಿನ್ ಬಣ್ಣದ್ದು, ಅದರಲ್ಲಿ ನರತಂತುಗಳು ಮಾತ್ರ. ನಿಮ್ಮ ಕೈಯಲ್ಲಿರುವುದು ಎಚ್ ಅಂಡ್ ಇ ಸ್ಲೈಡ್. ಇದರಲ್ಲಿ ನ್ಯೂಕ್ಲಿಯಸ್ ನೀಲಿಯಾಗಿ, ಒಡಲು ಸ್ವಲ್ಪಮಟ್ಟಿಗೆ ಕಾಣುತ್ತದೆ. ಕೊಂಬೆಗಳು ಮತ್ತು ತಂತುಗಳೆಲ್ಲ ಸೇರಿ ಒಂದೇ ಗುಲಾಬಿ ಹಿನ್ನೆಲೆಯಾಗಿಬಿಡುತ್ತವೆ. ಅದಕ್ಕೇ ನಿಮಗೆ ಗುಲಾಬಿ ಮತ್ತು ಚುಕ್ಕೆ ಕಂಡದ್ದು.

ಇನ್ನೊಂದು ಕಾರಣವೂ ಇದೆ. ಸೆರೆಬ್ರಮ್‌ನ ಪದರಗಳ ಮಧ್ಯೆ ಗೆರೆ ಎಳೆದಂಥ ಗಡಿ ಇಲ್ಲ. ಕೋಶಗಳ ಗಾತ್ರ, ಆಕಾರ, ದಟ್ಟಣೆ ನಿಧಾನವಾಗಿ ಬದಲಾಗುತ್ತಾ ಹೋಗುತ್ತವೆ. ಹಾಗಾಗಿ ಒಂದರಿಂದ ಆರರವರೆಗೆ ಎಣಿಸುತ್ತಾ ಇಳಿದರೆ ಮೂರನೆಯದಕ್ಕೆ ಬರುವಷ್ಟರಲ್ಲೇ ದಾರಿ ತಪ್ಪುತ್ತದೆ. ಮೊದಲು ಎರಡು ತುದಿಗಳನ್ನು ಗಟ್ಟಿ ಮಾಡಿಕೊಳ್ಳಿ, ಆಮೇಲೆ ನಡುವೆ ಐದನೆಯ ಪದರವನ್ನು ಹುಡುಕಿ. ಉಳಿದವು ಅದರ ಲೆಕ್ಕದಲ್ಲಿ ಸಿಗುತ್ತವೆ.

4ಎಕ್ಸ್ ಲೆನ್ಸ್‌ನಲ್ಲಿ ಶುರು ಮಾಡಿ. ಸ್ಲೈಡಿನ ಅಂಚಿನಲ್ಲಿ ರಕ್ತನಾಳಗಳಿರುವ ತೆಳು ಪೊರೆ ಕಾಣುತ್ತದೆ, ಅದು ಪಯಾ ಮೇಟರ್. ಪಯಾ ನಿಮ್ಮ ನೋಟದಲ್ಲಿ ಮೇಲೆ ಬರುವಂತೆ ಸ್ಲೈಡ್ ತಿರುಗಿಸಿ. ಅದರ ಕೆಳಗೇ ತೆಳು ಗುಲಾಬಿ ಬಣ್ಣದ, ಚುಕ್ಕೆಗಳು ತೀರಾ ಕಡಿಮೆ ಇರುವ ಒಂದು ಪಟ್ಟಿ ಇದೆ. ಅದೇ ಮೊದಲನೆಯ ಪದರ, ಮಾಲಿಕ್ಯುಲರ್ ಪದರ. ಅಲ್ಲಿರುವ ಚುಕ್ಕೆಗಳಲ್ಲಿ ಹೆಚ್ಚಿನವು ಗ್ಲಯಾ ಕೋಶಗಳ ನ್ಯೂಕ್ಲಿಯಸ್‌ಗಳು. ಕಹಾಲ್‌ನ ಹಾರಿಜಾಂಟಲ್ ಕೋಶ ಇಲ್ಲಿರುತ್ತದೆ ಅಂತ ಪುಸ್ತಕ ಹೇಳುತ್ತದೆ, ಆದರೆ ಅವು ಜಾಸ್ತಿ ಇರುವುದು ಬೆಳೆಯುತ್ತಿರುವ ಮಿದುಳಿನಲ್ಲಿ. ವಯಸ್ಕರ ಸ್ಲೈಡಿನಲ್ಲಿ ಅವನ್ನು ಹುಡುಕುತ್ತಾ ಕೂರಬೇಡಿ.

ಈಗ ನೇರವಾಗಿ ಕೆಳಗೆ ಸರಿಯಿರಿ. ಒಂದು ಕಡೆ ನರಕೋಶಗಳು ಮುಗಿದು, ಸಣ್ಣ ದುಂಡು ಕಪ್ಪು ನ್ಯೂಕ್ಲಿಯಸ್‌ಗಳು ಸಾಲುಸಾಲಾಗಿ ಕಾಣತೊಡಗುತ್ತವೆ. ಅವು ಆಲಿಗೋಡೆಂಡ್ರೊಸೈಟ್‌ಗಳು. ನೀವು ವೈಟ್ ಮ್ಯಾಟರ್ ತಲುಪಿದ್ದೀರಿ ಅಂತ ಅರ್ಥ. ಈಗ ಎರಡೂ ತುದಿ ಸಿಕ್ಕಿದವು, ಅಲ್ವಾ? ಈ ನಡುವಿನ ದಪ್ಪ ಜಾಗ ಅವಲಂಬಿಸಿ ಸುಮಾರು 2ರಿಂದ 4 ಮಿಲಿಮೀಟರ್.

ಇನ್ನು 10ಎಕ್ಸ್‌ಗೆ ಬದಲಿಸಿ, ನಡುವಿಗಿಂತ ಸ್ವಲ್ಪ ಕೆಳಗೆ ಅತಿ ದೊಡ್ಡ ತ್ರಿಕೋನಾಕಾರದ ಕೋಶಗಳನ್ನು ಹುಡುಕಿ. ಅವೇ ದೊಡ್ಡ ಪಿರಮಿಡಲ್ ಕೋಶಗಳು, ಅದು ಐದನೆಯ ಪದರ. ಒಂದನ್ನು 40ಎಕ್ಸ್‌ನಲ್ಲಿ ನೋಡಿ. ತುದಿ ಪಯಾ ಕಡೆಗಿರುತ್ತದೆ. ಆ ತುದಿಯಿಂದ ಏಪಿಕಲ್ ಡೆಂಡ್ರೈಟ್ ಒಂದು ಮೋಟು ಬಾಲದಂತೆ ಮೇಲಕ್ಕೆ ಹೋಗಿ ಗುಲಾಬಿಯಲ್ಲಿ ಮರೆಯಾಗುತ್ತದೆ. ಒಳಗೆ ತೆಳುಬಣ್ಣದ ದೊಡ್ಡ ನ್ಯೂಕ್ಲಿಯಸ್, ಅದರಲ್ಲಿ ಎದ್ದು ಕಾಣುವ ಒಂದು ನ್ಯೂಕ್ಲಿಯೋಲಸ್, ಸುತ್ತಲೂ ನೀಲಿ ನಿಸ್ಲ್ ತುಣುಕುಗಳು. ಇಷ್ಟು ಕಂಡರೆ ಅದು ನರಕೋಶ. ಪಕ್ಕದಲ್ಲೇ ಒಂದೆರಡು ಸಣ್ಣ ದುಂಡು ನ್ಯೂಕ್ಲಿಯಸ್ ಅಂಟಿಕೊಂಡಂತೆ ಇದ್ದರೆ ಅವು ಗ್ಲಯಾ, ಅವನ್ನು ಗ್ರಾನ್ಯೂಲ್ ಕೋಶ ಅಂತ ಬರೆಯಬೇಡಿ.

ಐದನೆಯದು ಸಿಕ್ಕ ಮೇಲೆ ಅಲ್ಲಿಂದ ಮೇಲಕ್ಕೆ ಬನ್ನಿ. ಅದರ ಮೇಲೆ ಸಣ್ಣ ಕೋಶಗಳು ಒತ್ತಾಗಿರುವ ಪಟ್ಟಿ ನಾಲ್ಕನೆಯದು, ಒಳ ಗ್ರಾನ್ಯುಲರ್ ಪದರ. ಅಲ್ಲಿ ಸ್ಟೆಲೇಟ್ ಕೋಶಗಳು ಜಾಸ್ತಿ. ಅದರ ಮೇಲೆ ಮಧ್ಯಮ ಗಾತ್ರದ ಪಿರಮಿಡ್‌ಗಳಿರುವ ಮೂರನೆಯ ಪದರ. ಇದರಲ್ಲಿ ಮೇಲಿನ ಕೋಶಗಳಿಗಿಂತ ಕೆಳಗಿನವು ದೊಡ್ಡವಿರುತ್ತವೆ. ಇನ್ನೂ ಮೇಲೆ, ಮಾಲಿಕ್ಯುಲರ್ ಪಟ್ಟಿಗೆ ತಾಗಿಕೊಂಡು, ಸಣ್ಣ ಕೋಶಗಳ ಎರಡನೆಯ ಪದರ. ಐದರ ಕೆಳಗೆ ಉಳಿದದ್ದು ಆರನೆಯದು. ಅಲ್ಲಿ ಕದಿರಿನಾಕಾರದ ಕೋಶಗಳೂ ಬೇರೆ ಬೇರೆ ಆಕಾರದವೂ ಬೆರೆತಿರುತ್ತವೆ. ಎರಡು ಮತ್ತು ಮೂರರ ನಡುವಿನ ಗಡಿ ಎಚ್ ಅಂಡ್ ಇ ಬಣ್ಣದಲ್ಲಿ ನನಗೂ ಖಚಿತವಾಗಿ ತೋರಿಸಲು ಬರುವುದಿಲ್ಲ. ಯಾರಿಗೂ ಬರುವುದಿಲ್ಲ ಅಂತಲೇ ಹೇಳಬಹುದು. ಆ ಗಡಿಗಾಗಿ ತಲೆ ಕೆಡಿಸಿಕೊಳ್ಳಬೇಡಿ.

ತ್ರಿಕೋನಗಳೇ ಸಿಗದೆ ಎಲ್ಲ ಕೋಶವೂ ದುಂಡಗೆ ಕಂಡರೆ, ಆ ಜಾಗದಲ್ಲಿ ಅಂಗಾಂಶ ಓರೆಯಾಗಿ ಕತ್ತರಿಸಿದೆ ಅಂತ ತಿಳಿಯಿರಿ. ಪಿರಮಿಡ್ ಅಡ್ಡಲಾಗಿ ಕತ್ತರಿಸಿದರೆ ದುಂಡಗೇ ಕಾಣುತ್ತದೆ. ಅದೇ ಸ್ಲೈಡಿನ ಬೇರೆ ಜಾಗಕ್ಕೆ ಹೋಗಿ, ಏಪಿಕಲ್ ಡೆಂಡ್ರೈಟ್‌ಗಳು ಉದ್ದಕ್ಕೆ ಕಾಣುವಲ್ಲಿ ನಿಲ್ಲಿ. ಕೆಲವು ಸ್ಲೈಡುಗಳಲ್ಲಿ ಪಿರಮಿಡ್‌ಗಳು ಮುದುಡಿ, ಗಾಢ ನೇರಳೆಯಾಗಿ, ಡೆಂಡ್ರೈಟ್ ತಿರುಚಿಕೊಂಡು ಕಾಣುತ್ತವೆ. ಇದು ರೋಗವಲ್ಲ. ಫಾರ್ಮಲಿನ್‌ನಲ್ಲಿ ಗಟ್ಟಿಯಾಗುವ ಮೊದಲೇ ಅಂಗಾಂಶವನ್ನು ಒತ್ತಿ ಹಿಡಿದರೆ ಹೀಗಾಗುತ್ತದೆ. ಇವನ್ನು ಡಾರ್ಕ್ ನ್ಯೂರಾನ್ ಎನ್ನುತ್ತೇವೆ. ಆಮ್ಲಜನಕ ಸಿಗದೆ ಸತ್ತ ಕೋಶದ ಒಡಲು ನೇರಳೆಯಲ್ಲ, ಕೆಂಪಗಿರುತ್ತದೆ.

ಈಗ ಅತಿ ಮುಖ್ಯವಾದ ವಿಷಯ. ಆರು ಪದರ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ನಿಮಗೆ ಕೊಟ್ಟ ತುಂಡು ಮಿದುಳಿನ ಯಾವ ಭಾಗದ್ದು ಎಂಬುದರ ಮೇಲೆ ನೀವು ನೋಡುವುದು ನಿಂತಿದೆ. ಬ್ರಾಡ್ಮನ್ 1909ರಲ್ಲಿ ಮಿದುಳಿಗೆ ಅಂಕಿ ಹಾಕಿ ಹಂಚಿದ್ದೇ ಈ ಪದರಗಳ ವ್ಯತ್ಯಾಸ ನೋಡಿ. ಅದರಲ್ಲಿ ಎರಡು ತುದಿಗಳನ್ನು ಹೋಲಿಸೋಣ.

4ನೇ ಪ್ರದೇಶ, ಅಂದರೆ ಸ್ನಾಯುಗಳಿಗೆ ಆಜ್ಞೆ ಕಳಿಸುವ ಮೋಟರ್ ಕಾರ್ಟೆಕ್ಸ್. ಕಾರ್ಟೆಕ್ಸ್‌ನ ಅತಿ ದಪ್ಪ ಭಾಗಗಳಲ್ಲಿ ಇದೂ ಒಂದು, ಸುಮಾರು 4 ಮಿಲಿಮೀಟರ್. ವಯಸ್ಕರಲ್ಲಿ ಇಲ್ಲಿ ನಾಲ್ಕನೆಯ ಪದರ ಬೇರೆಯಾಗಿ ಕಾಣುವುದೇ ಇಲ್ಲ, ಹಾಗಾಗಿ ಇದನ್ನು ಅಗ್ರಾನ್ಯುಲರ್ ಕಾರ್ಟೆಕ್ಸ್ ಎನ್ನುತ್ತಾರೆ. ಬದಲಿಗೆ ಐದನೆಯ ಪದರದಲ್ಲಿ ವ್ಲಾಡಿಮಿರ್ ಬೆಟ್ಜ್ 1874ರಲ್ಲಿ ವರ್ಣಿಸಿದ ದೈತ್ಯ ಪಿರಮಿಡ್‌ಗಳಿವೆ. ಕೆಲವು 100 ಮೈಕ್ರಾನ್ ಎತ್ತರ ದಾಟುತ್ತವೆ. ಇವುಗಳ ಆಕ್ಸಾನ್ ಬೆನ್ನುಹುರಿಯವರೆಗೆ ಹೋಗುತ್ತದೆ. ಇಡೀ ಪಿರಮಿಡಲ್ ಟ್ರ್ಯಾಕ್ಟ್ ಬೆಟ್ಜ್ ಕೋಶಗಳಿಂದಲೇ ಹುಟ್ಟುತ್ತದೆ ಅಂತ ಮಾತ್ರ ಬರೆಯಬೇಡಿ. ಅವುಗಳ ಪಾಲು ಶೇ 3ರ ಆಸುಪಾಸು, ಉಳಿದದ್ದೆಲ್ಲ ಚಿಕ್ಕ ಪಿರಮಿಡ್‌ಗಳಿಂದ ಬರುತ್ತದೆ.

17ನೇ ಪ್ರದೇಶ ದೃಷ್ಟಿಯದು. ಇದು ತೆಳು, ಸುಮಾರು 2 ಮಿಲಿಮೀಟರ್. ಥಾಲಮಸ್‌ನಿಂದ ಬರುವ ಸಂದೇಶ ಮುಖ್ಯವಾಗಿ ನಾಲ್ಕನೆಯ ಪದರಕ್ಕೆ ಬಂದು ಸೇರುವುದರಿಂದ ಇಲ್ಲಿ ಆ ಪದರವೇ ಹಿಗ್ಗಿದೆ, ಅದರೊಳಗೇ ಉಪಪದರಗಳಿವೆ. ಮಧ್ಯದಲ್ಲಿ ಮಯಲಿನ್ ಹೊದ್ದ ತಂತುಗಳ ಒಂದು ಬಿಳಿ ಗೆರೆ ಓಡುತ್ತದೆ, ಅದು ಮೈಕ್ರೋಸ್ಕೋಪ್ ಇಲ್ಲದೆಯೇ ಕಾಣುತ್ತದೆ. ಇಟಲಿಯ ಪಾರ್ಮಾದಲ್ಲಿ ಫ್ರಾಂಚೆಸ್ಕೊ ಜೆನ್ನಾರಿ ಇದನ್ನು 1776ರಲ್ಲಿ ಗುರುತಿಸಿದಾಗ ಆತ ಇನ್ನೂ ವೈದ್ಯಕೀಯ ವಿದ್ಯಾರ್ಥಿ, ನಿಮ್ಮ ಹಾಗೆಯೇ.

ಹಾಗಾಗಿ ನಿಮಗೆ ಸಿಕ್ಕ ಸ್ಲೈಡ್ ಮೋಟರ್ ಕಾರ್ಟೆಕ್ಸ್‌ನದಾಗಿದ್ದರೆ, ಎಷ್ಟು ಹುಡುಕಿದರೂ ನಾಲ್ಕನೆಯ ಪದರ ಸಿಗುವುದಿಲ್ಲ. ಸಿಗದಿರುವುದೇ ಸರಿ. ಬಾಕ್ಸ್ ಮೇಲೆ ಭಾಗದ ಹೆಸರಿದೆಯಾ ಅಂತ ಮೊದಲು ನೋಡಿ, ಇಲ್ಲದಿದ್ದರೆ ಕಲಿಸುವವರನ್ನು ಕೇಳಿ.

ಸೆರೆಬೆಲ್ಲಮ್ ಸುಲಭ ಅಂದಿರಿ. ಪದರ ಗುರುತಿಸುವುದು ಸುಲಭ, ನಿಜ. ಮೇಲೆ ತೆಳು ಗುಲಾಬಿ, ಕೆಳಗೆ ಗಾಢ ನೀಲಿ, ಮಧ್ಯೆ ದೊಡ್ಡ ಕೋಶಗಳ ಒಂದೇ ಸಾಲು. ಆದರೆ ಕೋಶಗಳ ವಿಚಾರದಲ್ಲಿ ಇಲ್ಲಿ ಎಡವುವವರೇ ಜಾಸ್ತಿ.

ಆ ನೀಲಿ ಪದರ ಎಷ್ಟು ಒತ್ತಾಗಿದೆ ಅಂದರೆ ಹೈ ಪವರ್‌ನಲ್ಲಿ ಅದನ್ನಷ್ಟೇ ನೋಡಿದವರು ಲಿಂಫ್ ನೋಡ್ ಅಂತ ಬರೆದುಬಿಡುತ್ತಾರೆ. ಗ್ರಾನ್ಯೂಲ್ ಕೋಶದ ನ್ಯೂಕ್ಲಿಯಸ್ ಲಿಂಫೋಸೈಟಿನಷ್ಟೇ ಸಣ್ಣ, ಸುತ್ತ ಸೈಟೋಪ್ಲಾಸಂ ಕಾಣುವುದೇ ಇಲ್ಲ. ವ್ಯತ್ಯಾಸ ತೋರಿಸುವುದು ನಡುನಡುವೆ ಇರುವ ಕೋಶವಿಲ್ಲದ ಸಣ್ಣ ಗುಲಾಬಿ ಜಾಗಗಳು. ಅವೇ ಗ್ಲೋಮೆರುಲಸ್‌ಗಳು. ಹೊರಗಿನಿಂದ ಬಂದ ಮಾಸಿ ಫೈಬರ್‌ನ ತುದಿ, ಗ್ರಾನ್ಯೂಲ್ ಕೋಶಗಳ ಡೆಂಡ್ರೈಟ್‌ಗಳು, ಗಾಲ್ಜಿ ಕೋಶದ ಆಕ್ಸಾನ್ ಇವೆಲ್ಲ ಸೇರುವ ಜಾಗ ಅದು. ಗಾಲ್ಜಿ ಕೋಶಗಳು ಈ ಪದರದ ಮೇಲ್ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಇರುತ್ತವೆ, ಗಾತ್ರದಲ್ಲಿ ಸ್ಪಷ್ಟವಾಗಿ ದೊಡ್ಡವು. ಈ ಪದರದ ದಟ್ಟಣೆಗೆ ಒಂದು ಅಂದಾಜು ಬೇಕಾದರೆ, 2009ರಲ್ಲಿ ಬ್ರೆಜಿಲ್‌ನ ತಂಡವೊಂದು ಎಣಿಸಿದಾಗ ಇಡೀ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ ಸಿಕ್ಕವು. ಅದರಲ್ಲಿ ಸುಮಾರು 6,900 ಕೋಟಿ ಸೆರೆಬೆಲ್ಲಮ್‌ನಲ್ಲೇ ಇದ್ದವು, ಬಹುಪಾಲು ಇದೇ ಗ್ರಾನ್ಯೂಲ್ ಕೋಶಗಳು.

ನಡುಸಾಲಿನ ಪರ್ಕಿಂಜಿ ಕೋಶದ ಒಡಲು ಫ್ಲಾಸ್ಕ್ ಆಕಾರದ್ದು. ಎಚ್ ಅಂಡ್ ಇ ಬಣ್ಣದಲ್ಲಿ ಅದರ ಕತ್ತಿನಿಂದ ಮೇಲಕ್ಕೆ ಹೋಗುವ ಒಂದೋ ಎರಡೋ ದಪ್ಪ ಕೊಂಬೆ ಕಂಡರೆ ಹೆಚ್ಚು. ಪೂರ್ತಿ ಡೆಂಡ್ರೈಟ್ ಮರ ಮಾಲಿಕ್ಯುಲರ್ ಪದರದಲ್ಲಿ ಹರಡಿರುತ್ತದೆ, ಬೀಸಣಿಗೆಯಂತೆ ಚಪ್ಪಟೆಯಾಗಿ, ಫೋಲಿಯಮ್‌ನ ಉದ್ದಕ್ಕೆ ಅಡ್ಡಲಾಗಿ ನಿಂತು. ಗ್ರಾನ್ಯೂಲ್ ಕೋಶದ ಆಕ್ಸಾನ್ ಮೇಲೆ ಬಂದು ಎರಡಾಗಿ ಒಡೆದು, ಫೋಲಿಯಮ್‌ನ ಉದ್ದಕ್ಕೂ ಈ ಮರಗಳನ್ನು ಒಂದೊಂದಾಗಿ ದಾಟುತ್ತಾ ಹೋಗುತ್ತದೆ. ಇವೇ ಪ್ಯಾರಲಲ್ ಫೈಬರ್‌ಗಳು. ನಿಮಗೆ ಬರೀ ಗುಲಾಬಿಯಾಗಿ ಕಾಣುವ ಮಾಲಿಕ್ಯುಲರ್ ಪದರ ಬಹುಮಟ್ಟಿಗೆ ಈ ಎರಡರದ್ದೇ ಹೆಣಿಗೆ. ಅಲ್ಲಿರುವ ಅಲ್ಪಸ್ವಲ್ಪ ನರಕೋಶಗಳಲ್ಲಿ ಮೇಲಿನವು ಸ್ಟೆಲೇಟ್, ಪರ್ಕಿಂಜಿ ಸಾಲಿಗೆ ಹತ್ತಿರದವು ಬಾಸ್ಕೆಟ್. ಆಕಾರ ನೋಡಿ ಹೇಳಲು ಈ ಬಣ್ಣದಲ್ಲಿ ಆಗುವುದಿಲ್ಲ, ಜಾಗ ನೋಡಿ ಹೇಳಬೇಕು.

ಪರ್ಕಿಂಜಿ ಸಾಲಿನಲ್ಲಿ ಅಲ್ಲಲ್ಲಿ ಖಾಲಿ ಜಾಗ ಇದ್ದರೆ ಗಾಬರಿ ಬೇಡ. ಕೋಶಗಳು ಒಂದಕ್ಕೊಂದು ತಾಗಿಕೊಂಡಿಲ್ಲ, ನಿಮ್ಮ ಸೆಕ್ಷನ್ ಬರೀ 5 ಮೈಕ್ರಾನ್ ಆಸುಪಾಸು ದಪ್ಪ. ಎಷ್ಟೋ ಕೋಶ ಕತ್ತಿಯ ದಾರಿಗೆ ಸಿಗುವುದೇ ಇಲ್ಲ, ಕೆಲವು ನ್ಯೂಕ್ಲಿಯಸ್ ಇಲ್ಲದೆ ಕತ್ತರಿಸಿರುತ್ತವೆ. ನಿಜವಾಗಿ ಕೋಶ ಸತ್ತಿದ್ದರೆ ಆ ಸಾಲಿನಲ್ಲಿ ಬರ್ಗ್‌ಮನ್ ಗ್ಲಯಾ ಕೋಶಗಳು ಹೆಚ್ಚಾಗಿ, ಅವುಗಳ ನ್ಯೂಕ್ಲಿಯಸ್‌ಗಳು ಒತ್ತಾಗಿ ನಿಂತಿರುತ್ತವೆ. ಖಾಲಿ ಜಾಗ ಮತ್ತು ಈ ಒತ್ತು ಎರಡೂ ಒಟ್ಟಿಗೆ ಕಂಡಾಗ ಮಾತ್ರ ಅನುಮಾನ ಪಡಿ.

ರೆಕಾರ್ಡಿನಲ್ಲಿ ಬರೆಯುವಾಗ ಗುಲಾಬಿ ನೇರಳೆ ಪೆನ್ಸಿಲ್ ಹಿಡಿದು ಪರ್ಕಿಂಜಿಗೆ ದೊಡ್ಡ ಮರ ಬಿಡಿಸುವುದು ಬಹಳ ಜನರ ಅಭ್ಯಾಸ. ಎಚ್ ಅಂಡ್ ಇ ಸ್ಲೈಡಿನ ಚಿತ್ರದಲ್ಲಿ ಅದು ತಪ್ಪು. ಮೋಟು ಕೊಂಬೆಗೆ ನಿಲ್ಲಿಸಿ. ಸೆರೆಬ್ರಮ್ ಚಿತ್ರದಲ್ಲೂ ಅಷ್ಟೇ, ಪದರಗಳ ನಡುವೆ ಗೆರೆ ಎಳೆಯಬೇಡಿ. ಕೋಶದ ಗಾತ್ರ ಮತ್ತು ದಟ್ಟಣೆ ಬದಲಿಸುತ್ತಾ ಹೋಗಿ, ಪಕ್ಕದಲ್ಲಿ ಬ್ರಾಕೆಟ್ ಹಾಕಿ ಹೆಸರು ಬರೆಯಿರಿ. ನಿಮ್ಮ ವಿಭಾಗದಲ್ಲಿ ಬೆಳ್ಳಿ ಬಣ್ಣದ ಸೆರೆಬೆಲ್ಲಮ್ ಸ್ಲೈಡ್ ಇದ್ದರೆ ಕೇಳಿ ನೋಡಿ. ಆ ಮರವನ್ನು ಅದರಲ್ಲಿ ನೋಡಿಯೇ ಬಿಡಿಸಿ, ಕೆಳಗೆ ಬಳಸಿದ ಬಣ್ಣದ ಹೆಸರನ್ನೂ ಬರೆಯಿರಿ.