ವಿಮಾನ ತಪ್ಪಿದರೂ ವಾಪಸ್ ಬರುವ ಹಣ

"ಬೆಂಗಳೂರು–ದೆಹಲಿ ವಿಮಾನ ತಪ್ಪಿತು. ಟಿಕೆಟ್ ನಾನ್-ರಿಫಂಡಬಲ್. ಬಿಲ್ಲಿನಲ್ಲಿ YQ, IN, P2, K3 ಅಂತ ಇದೆ. ಏನಾದರೂ ವಾಪಸ್ ಬರುತ್ತಾ?"

ಬರುತ್ತೆ ಸರ್, IN ಮತ್ತು P2 ಪೂರ್ತಿ. IN ವಿಮಾನ ನಿಲ್ದಾಣದ ಬಳಕೆ ಶುಲ್ಕ, P2 ಭದ್ರತಾ ಶುಲ್ಕ. ನೀವು ಹಾರದಿದ್ದರೆ ಇವೆರಡನ್ನೂ ಕಂಪನಿ ಇಟ್ಟುಕೊಳ್ಳುವಂತಿಲ್ಲ. ಆಫರ್ ಟಿಕೆಟ್ ಆಗಿರಲಿ, ವಿಮಾನಕ್ಕೆ ಬಾರದೇ ಹೋದ ನೋ-ಶೋ ಆಗಿರಲಿ, ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮ ಇದೇ.

ಹೆಚ್ಚಿನವರು ಎಡವೋದು YQ ಹತ್ತಿರ. ತೆರಿಗೆಗಳ ಸಾಲಿನಲ್ಲೇ ಅಚ್ಚಾಗಿರುತ್ತೆ, ಆದರೆ ಅದು ಇಂಧನ ಸರ್‌ಚಾರ್ಜ್, ಕಂಪನಿಯದೇ ದುಡ್ಡು. ಕ್ಯಾನ್ಸಲೇಶನ್ ಶುಲ್ಕವಾಗಿ ಮೂಲ ದರ ಮತ್ತು YQ ಎರಡನ್ನೂ ಮುರಿದುಕೊಳ್ಳಬಹುದು, ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಇಲ್ಲ. K3 ಅಂದರೆ ಜಿಎಸ್‌ಟಿ. ಅದು ದರದ ಬೆನ್ನಿಗೇ ಹೋಗುತ್ತೆ: ಮುರಿದುಕೊಂಡ ಮೊತ್ತದ ಮೇಲಿನ ಜಿಎಸ್‌ಟಿ ಬರಲ್ಲ.

ಉದಾಹರಣೆಗೆ ಮೂಲ ದರ 3,200, YQ 800, ಇವೆರಡರ ಮೇಲೆ ಶೇ. 5ರಂತೆ K3 200, IN 550, P2 236 ಅಂದುಕೊಳ್ಳಿ. ಒಟ್ಟು 4,986ರಲ್ಲಿ ನಿಮಗೆ 786 ರೂಪಾಯಿ ಬರಬೇಕು.

ತಾನಾಗಿ ಖಾತೆಗೆ ಬರುತ್ತೆ ಅಂತ ಕಾಯಬೇಡಿ. ಪಿಎನ್‌ಆರ್ ಕೊಟ್ಟು "ನೋ-ಶೋ ತೆರಿಗೆ ರಿಫಂಡ್" ಅಂತಲೇ ಬರೆದು ಕೇಳಿ. ಏಜೆಂಟ್ ಮೂಲಕ ಕೊಂಡಿದ್ದರೆ ಅವರ ಹತ್ತಿರ ಕೇಳಿ, ಆದರೂ ಹೊಣೆ ಏರ್‌ಲೈನ್‌ದೇ. ರಿಫಂಡ್ ಮಾಡಿಕೊಡೋದಕ್ಕೆ ಕಂಪನಿ ಬೇರೆ ಶುಲ್ಕ ಹಾಕುವಂತಿಲ್ಲ. ಮುಂದಿನ ಟಿಕೆಟ್‌ಗೆ ಬಳಸಿಕೊಳ್ಳಿ ಅಂತ ಹಣವನ್ನ ತಮ್ಮಲ್ಲೇ ಕ್ರೆಡಿಟ್ ಶೆಲ್‌ನಲ್ಲಿ ಇಡ್ತೀವಿ ಅಂದರೆ ಒಪ್ಪಲೇಬೇಕಿಲ್ಲ, ಆಯ್ಕೆ ನಿಮ್ಮದು. ಜಗ್ಗದಿದ್ದರೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ಹಾಕಿ, ಬಿಲ್ಲಿನ ಈ ಸಾಲುಗಳ ಚಿತ್ರ ಲಗತ್ತಿಸಿ.