ಆಡಿಷನ್‌ಗೆ ಕಳಿಸುವ ಕ್ಲೋಸಪ್ ಮತ್ತು ಫುಲ್ ಲೆಂತ್ ಫೋಟೊ ಹೇಗಿರಬೇಕು?

"ಕನ್ನಡ ಸೀರಿಯಲ್ ಒಂದರ ಕಾಸ್ಟಿಂಗ್ ಕಾಲ್ ನೋಡಿದೆ. ನಾಯಕನ ತಮ್ಮನ ಪಾತ್ರ, ವಯಸ್ಸು 22ರಿಂದ 26. ಒಂದು ಕ್ಲೋಸಪ್, ಒಂದು ಫುಲ್ ಲೆಂತ್ ಫೋಟೊ ಕೇಳಿದ್ದಾರೆ, ಫಿಲ್ಟರ್ ಬೇಡ ಅಂತ ಬರೆದಿದ್ದಾರೆ. ನನಗೆ 24, ಎತ್ತರ 5 ಅಡಿ 8 ಇಂಚು, ಊರು ಮೈಸೂರು. ನಾಟಕ ಮಾಡಿದ್ದೇನೆ, ಕ್ಯಾಮೆರಾ ಮುಂದೆ ಹೊಸಬ. ಎರಡೂ ಫೋಟೊ ಇಲ್ಲಿ ಹಾಕಿದ್ದೇನೆ. ಇವನ್ನೇ ಕಳಿಸಬಹುದಾ? ನೇರವಾಗಿ ಹೇಳಿ."

ಈ ಎರಡನ್ನು ಕಳಿಸಬೇಡಿ. ಮುಖ ಚೆನ್ನಾಗಿಲ್ಲ ಅಂತ ಅಲ್ಲ. ಎರಡೂ ಫೋಟೊ ಒಬ್ಬರದ್ದೇ ಅಂತ ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕಾಸ್ಟಿಂಗ್‌ನಲ್ಲಿ ಕೂತವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ನಾನು ಬೆಂಗಳೂರಿನಲ್ಲಿ ಸೀರಿಯಲ್‌ಗಳಿಗೆ ಸಹಾಯಕ ನಿರ್ದೇಶಕನಾಗಿ ಕೆಲಸ ಮಾಡಿದ್ದೇನೆ. ಹೊಸಬರ ಫೋಟೊ ನೋಡಿ ಯಾರನ್ನು ಕರೆಯಬೇಕು ಅಂತ ಪಟ್ಟಿ ಮಾಡುವುದು ವರ್ಷಗಟ್ಟಲೆ ನನ್ನ ಪಾಲಿಗೇ ಬರುತ್ತಿತ್ತು. ಫೋನಿನಲ್ಲಿ ಬೆರಳುಗುರಿನಷ್ಟು ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡು ನೋಡುತ್ತೇವೆ. ಅಲ್ಲಿ ಅನುಮಾನ ಬಂದರೆ ತೆರೆದು ನೋಡುವುದಿಲ್ಲ, ಮುಂದಕ್ಕೆ ಹೋಗುತ್ತೇವೆ.

ಮೊದಲು ಕ್ಲೋಸಪ್. ಇದು ಕೈ ಚಾಚಿ ತೆಗೆದ ಸೆಲ್ಫಿ. ನೀವು ಹೇಳಿಲ್ಲ, ಆದರೆ ಶರ್ಟಿನ ಜೇಬು ಹೇಳುತ್ತಿದೆ. ಗಂಡಸರ ಶರ್ಟಿಗೆ ಜೇಬು ಎಡ ಎದೆಯ ಮೇಲೆ ಇರುತ್ತದೆ. ನಿಮ್ಮ ಫೋಟೊದಲ್ಲಿ ಅದು ಬಲ ಎದೆಯ ಮೇಲೆ ಬಂದಿದೆ. ಅಂದರೆ ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ ತಿರುಗಿಸಿ ಉಳಿಸಿದೆ. ಬೈತಲೆಯೂ ಹಾಗೇ ಆಗಿದೆ. ಕ್ಲೋಸಪ್‌ನಲ್ಲಿ ಒಂದು ಕಡೆ, ಫುಲ್ ಲೆಂತ್‌ನಲ್ಲಿ ಇನ್ನೊಂದು ಕಡೆ. ಅಕ್ಕಪಕ್ಕ ಇಟ್ಟಾಗ ಅಣ್ಣ ತಮ್ಮಂದಿರ ಹಾಗೆ ಕಾಣುತ್ತದೆ, ಒಬ್ಬನೇ ಅಂತ ಅನಿಸುವುದಿಲ್ಲ.

ಸೆಲ್ಫಿಯ ದೊಡ್ಡ ತೊಂದರೆ ದೂರದ್ದು. ಫೋನು ಮುಖಕ್ಕೆ ಒಂದು ಅಡಿ ಹತ್ತಿರ ಇದ್ದರೆ ಮೂಗು ಕ್ಯಾಮೆರಾಗೆ ಹತ್ತಿರ, ಕಿವಿ ಅದಕ್ಕಿಂತ ನಾಲ್ಕೈದು ಇಂಚು ಹಿಂದೆ. ಅಷ್ಟು ಹತ್ತಿರದಲ್ಲಿ ಆ ನಾಲ್ಕೈದು ಇಂಚು ಅಂದರೆ ಬಹಳ. ಹಾಗಾಗಿ ಮೂಗು ಉಬ್ಬುತ್ತದೆ, ಮುಖ ಸಪೂರವಾಗುತ್ತದೆ, ಕಿವಿ ಹಿಂದಕ್ಕೆ ಸರಿಯುತ್ತದೆ. 2018ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಲೆಕ್ಕ ಹಾಕಿದ್ದರು. 12 ಇಂಚು ದೂರದಿಂದ ತೆಗೆದರೆ ಮೂಗು ಸುಮಾರು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ, 5 ಅಡಿಯಿಂದ ತೆಗೆದರೆ ಆ ವ್ಯತ್ಯಾಸ ಹೆಚ್ಚುಕಡಿಮೆ ಇರುವುದೇ ಇಲ್ಲ. ಸೆಟ್ಟಿನಲ್ಲಿ ಕ್ಲೋಸಪ್ ತೆಗೆಯುವಾಗಲೂ ಕ್ಯಾಮೆರಾ ನಟನಿಂದ ಒಂದಷ್ಟು ದೂರದಲ್ಲೇ ಇರುತ್ತದೆ. ಟಿವಿಯಲ್ಲಿ ಕಾಣುವ ನಿಮ್ಮ ಮುಖಕ್ಕೂ ಈ ಸೆಲ್ಫಿಗೂ ಸಂಬಂಧ ಇಲ್ಲ ಅಂತ ನಾನು ಹೇಳುವುದು ಅದಕ್ಕೇ.

ಇನ್ನೊಂದು ವಿಷಯ. ಫುಲ್ ಲೆಂತ್ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮ ಎಡ ಹುಬ್ಬಿನ ತುದಿಯಲ್ಲಿ ಸಣ್ಣ ಗಾಯದ ಕಲೆ ಇದೆ, ಅಲ್ಲಿ ಕೂದಲು ಬಂದಿಲ್ಲ. ಕ್ಲೋಸಪ್‌ನಲ್ಲಿ ಆ ಕಲೆಯೇ ಇಲ್ಲ! ಕಣ್ಣಿನ ಕೆಳಗಿನ ಗೆರೆಯೂ ಮಾಯ, ಕೆನ್ನೆ ಮೇಣದ ಹಾಗಿದೆ. ನೀವು ಬೇಕಂತ ಫಿಲ್ಟರ್ ಹಾಕಿರಲಿಕ್ಕಿಲ್ಲ. ಬಹಳ ಫೋನುಗಳಲ್ಲಿ ಸೆಲ್ಫಿಗೆ ಬ್ಯೂಟಿ ಮೋಡ್ ಮೊದಲೇ ಆನ್ ಆಗಿರುತ್ತದೆ. ಆದರೆ ನೋಡುವವರಿಗೆ ಅದು ಗೊತ್ತಿಲ್ಲ. ಫಿಲ್ಟರ್ ಬೇಡ ಅಂದರೂ ಹಾಕಿದ್ದಾನೆ ಅಂತಲೇ ಅಂದುಕೊಳ್ಳುತ್ತಾರೆ. ಆ ಕಲೆ ನನಗಂತೂ ಇಷ್ಟವಾಯಿತು. ಮನೆಯ ತುಂಟ ತಮ್ಮನಿಗೆ ಅದು ಒಪ್ಪುತ್ತದೆ. ಬೇಡ ಅನ್ನಿಸಿದರೆ ಸೆಟ್ಟಿನಲ್ಲಿ ಮೇಕಪ್ ಮಾಡುವವರು ಎರಡು ನಿಮಿಷದಲ್ಲಿ ಮುಚ್ಚುತ್ತಾರೆ. ಮುಚ್ಚಬೇಕೋ ಬೇಡವೋ ಅಂತ ಅವರು ತೀರ್ಮಾನ ಮಾಡಲಿ, ನೀವು ತೋರಿಸಿ.

ಈಗ ಫುಲ್ ಲೆಂತ್. ಫ್ರೆಂಡ್ ಕುಕ್ಕರುಗಾಲಲ್ಲಿ ಕೂತು ಕೆಳಗಿನಿಂದ ತೆಗೆದಿದ್ದಾರೆ, ಅಲ್ವಾ? ನಿಮ್ಮ ಹಿಂದಿನ ಬಾಗಿಲ ಚೌಕಟ್ಟು ನೋಡಿ. ಎರಡು ಕಡೆಯ ಕಂಬ ಮೇಲೆ ಹೋಗುತ್ತಾ ಒಳಕ್ಕೆ ವಾಲಿವೆ. ಕ್ಯಾಮೆರಾವನ್ನು ಕೆಳಗಿನಿಂದ ಮೇಲ್ಮುಖವಾಗಿ ವಾಲಿಸಿ ಹಿಡಿದಾಗ ಹಾಗಾಗುತ್ತದೆ. ಕಾಲು ಹತ್ತಿರ, ತಲೆ ದೂರ. ಕಾಲು ಉದ್ದವಾಯಿತು, ತಲೆ ಚಿಕ್ಕದಾಯಿತು. ನಾನು ಪರದೆಯ ಮೇಲೆ ಸ್ಕೇಲ್ ಇಟ್ಟು ಅಳೆದೆ. ನೆತ್ತಿಯಿಂದ ಗದ್ದಕ್ಕೆ 1.3 ಸೆಂಟಿಮೀಟರ್, ನೆತ್ತಿಯಿಂದ ಫೋಟೊ ಮುಗಿಯುವ ಕಣಕಾಲಿಗೆ 11 ಸೆಂಟಿಮೀಟರ್. ಅಂದರೆ ಪಾದ ಬಿಟ್ಟೇ ಮೈ ಎತ್ತರ ಸುಮಾರು ಎಂಟೂವರೆ ತಲೆಯಷ್ಟು. ಬೆಳೆದವರ ಮೈ ಸಾಮಾನ್ಯವಾಗಿ ಏಳರಿಂದ ಏಳೂವರೆ ತಲೆ. ಪಟ್ಟಿ ಮಾಡುವವರು ಯಾರೂ ಸ್ಕೇಲ್ ಇಡುವುದಿಲ್ಲ, ಆದರೆ ಕಣ್ಣಿಗೆ ಏನೋ ಸರಿ ಇಲ್ಲ ಅಂತ ತಿಳಿಯುತ್ತದೆ. 5 ಅಡಿ 8 ಇಂಚು ಅಂತ ಬರೆದದ್ದೂ ಸುಳ್ಳಿರಬಹುದು ಅಂತ ಅನಿಸುತ್ತದೆ. ನಿಜ ಬರೆದವರ ಮೇಲೆ ಸುಮ್ನೆ ಅನುಮಾನ.

ಎತ್ತರಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ತಮ್ಮನ ಪಾತ್ರ ಅಂದರೆ ಅಣ್ಣನ ಜೊತೆ, ಅತ್ತಿಗೆ ಜೊತೆ ಒಂದೇ ಫ್ರೇಮಿನಲ್ಲಿ ದಿನವೂ ನಿಲ್ಲಬೇಕು. ನಾಯಕನನ್ನು ಆಗಲೇ ಆರಿಸಿರುತ್ತಾರೆ. ಅವನ ಪಕ್ಕದಲ್ಲಿ ನೀವು ಹೇಗೆ ಕಾಣುತ್ತೀರಿ ಅಂತ ಅಂದಾಜು ಮಾಡುವುದು ಈ ಒಂದು ಫೋಟೊದಿಂದಲೇ. ಒಮ್ಮೆ ನಾವು ಫೋಟೊ ನೋಡಿ ಒಬ್ಬ ಹುಡುಗನನ್ನು ಕರೆಸಿದೆವು. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದ. ಫೋಟೊ ಹೀಗೇ ಕೆಳಗಿನಿಂದ ತೆಗೆದದ್ದು. ಬಂದು ನಿಂತಾಗ ನಾಯಕಿಗಿಂತ ಒಂದು ಗೇಣು ಕುಳ್ಳ. ಚೆನ್ನಾಗಿ ಸಂಭಾಷಣೆ ಹೇಳಿದ, ಆದರೂ ವಾಪಸ್ ಕಳಿಸಬೇಕಾಯಿತು. ಬೇರೊಂದು ಪಾತ್ರಕ್ಕೆ ಅದೇ ಎತ್ತರ ಹೊಂದುತ್ತಿತ್ತು, ಫೋಟೊ ಸರಿಯಾಗಿದ್ದರೆ ಅದಕ್ಕೇ ಕರೆಯುತ್ತಿದ್ದೆವು. ಆ ಹುಡುಗನ ಮುಖ ನನಗೆ ಇವತ್ತಿಗೂ ನೆನಪಿದೆ.

ಜೊತೆಗೆ ನಿಮ್ಮ ಫೋಟೊದಲ್ಲಿ ಪಾದ ಇಲ್ಲ, ಕಣಕಾಲಿಗೆ ಕತ್ತರಿಸಿದೆ. ಎರಡೂ ಕೈ ಜೇಬಿನಲ್ಲಿವೆ. ಅಂಗಿ ದೊಗಲೆ, ಭುಜ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುತ್ತಿಲ್ಲ. ಕ್ಲೋಸಪ್‌ನಲ್ಲಿ ಟ್ರಿಮ್ ಮಾಡಿದ ಗಡ್ಡ, ಇಲ್ಲಿ ನುಣ್ಣಗೆ ಕ್ಷೌರ. ಎರಡಕ್ಕೂ ನಡುವೆ ಕೆಲವು ತಿಂಗಳಾದರೂ ಆಗಿರಬೇಕು, ಕೆನ್ನೆ ಸ್ವಲ್ಪ ತುಂಬಿಕೊಂಡಿದೆ. ಈಗ ಇರುವುದು ಯಾವುದು?

ಸ್ಟುಡಿಯೋಗೆ ಹೋಗಬೇಕಾಗಿಲ್ಲ. ಈ ಪಾತ್ರಕ್ಕೆ ನಾಳೆ ಬೆಳಗ್ಗೆ ಮನೆಯಲ್ಲೇ ತೆಗೆಯಬಹುದು. ಎರಡನ್ನೂ ಒಂದೇ ದಿನ, ಒಂದೇ ಬಟ್ಟೆಯಲ್ಲಿ ತೆಗೆಯಿರಿ. ಮೈಗೆ ಸರಿಯಾಗಿ ಕೂರುವ ಒಂದೇ ಬಣ್ಣದ ಟೀ ಶರ್ಟ್, ಜೀನ್ಸ್ ಸಾಕು. ಸಣ್ಣ ಚೌಕಳಿ, ದೊಡ್ಡ ಬರಹ ಬೇಡ. ಬಿಳಿ ಗೋಡೆ ಇದ್ದರೆ ಬಿಳಿ ಬಟ್ಟೆಯೂ ಬೇಡ.

ಕ್ಲೋಸಪ್‌ಗೆ ದೊಡ್ಡ ಕಿಟಕಿ ಹುಡುಕಿ, ನೇರ ಬಿಸಿಲು ಒಳಗೆ ಬೀಳದಂಥದ್ದು. ಅದರಿಂದ ಏಳೆಂಟು ಅಡಿ ದೂರದಲ್ಲಿ, ಕಿಟಕಿ ಕಡೆ ಮುಖ ಮಾಡಿ ನಿಲ್ಲಿ. ಟ್ಯೂಬ್‌ಲೈಟ್ ಆರಿಸಿ. ಮೇಲಿನಿಂದ ಬೆಳಕು ಬಿದ್ದರೆ ಕಣ್ಣಿನ ಗುಳಿಯಲ್ಲಿ ನೆರಳು ಕೂರುತ್ತದೆ, ಈಗ ನಿಮ್ಮ ಸೆಲ್ಫಿಯಲ್ಲಿ ಆಗಿರುವುದೂ ಅದೇ. ಫ್ರೆಂಡ್ ಹಿಂದಿನ ಕ್ಯಾಮೆರಾದಲ್ಲಿ ತೆಗೆಯಲಿ. ನಿಮ್ಮಿಂದ ಐದಾರು ಅಡಿ ದೂರ, 2x ಜೂಮ್, ಫೋನು ನಿಮ್ಮ ಕಣ್ಣಿನ ಮಟ್ಟದಲ್ಲಿ. ಪೋರ್ಟ್ರೇಟ್ ಮೋಡ್ ಬೇಡ, ಅದು ಕಿವಿಯ ಅಂಚನ್ನೂ ಕೂದಲನ್ನೂ ಮಸುಕು ಮಾಡುತ್ತದೆ. ನೆತ್ತಿಯಿಂದ ಎದೆ ತನಕ ಬಂದರೆ ಸಾಕು. ತೆಗೆದ ಮೇಲೆ ಕಣ್ಣಿನ ಪಾಪೆಯನ್ನು ದೊಡ್ಡದು ಮಾಡಿ ನೋಡಿ. ಕಿಟಕಿಯ ಚೌಕ ಅಲ್ಲಿ ಸಣ್ಣದಾಗಿ ಮಿನುಗುತ್ತಿದ್ದರೆ ಬೆಳಕು ಸರಿಯಾಗಿ ಬಿದ್ದಿದೆ ಅಂತ ಅರ್ಥ.

ಮುಖಭಾವಕ್ಕೆ ನಾಟಕದವರು ಒಂದು ತಪ್ಪು ಮಾಡುತ್ತಾರೆ, ಹಿಂದಿನ ಸಾಲಿಗೂ ಕಾಣಬೇಕು ಅನ್ನುವ ಹಾಗೆ ಹುಬ್ಬೇರಿಸುತ್ತಾರೆ. ನಿಮ್ಮ ಸೆಲ್ಫಿಯಲ್ಲೂ ಅದು ಇದೆ. ಇಲ್ಲಿ ನೋಡುವವರು ಒಂದು ಮೊಳ ದೂರದಲ್ಲಿ ಇದ್ದಾರೆ. ಲೆನ್ಸ್ ಜಾಗದಲ್ಲಿ ನಿಮ್ಮ ಅಣ್ಣನೋ ಅಕ್ಕನೋ ಕೂತಿದ್ದಾರೆ ಅಂದುಕೊಳ್ಳಿ. ಅವರು ಏನೋ ಕೇಳಿದರು, ಉತ್ತರ ಕೊಡುವ ಮುಂಚಿನ ಕ್ಷಣ. ಅಷ್ಟೇ ಸಾಕು.

ಫುಲ್ ಲೆಂತ್‌ಗೆ ಫ್ರೆಂಡ್ ಹತ್ತು ಹನ್ನೆರಡು ಅಡಿ ಹಿಂದೆ ಹೋಗಬೇಕು. ಫೋನು ನಿಮ್ಮ ಹೊಕ್ಕುಳಿನ ಎತ್ತರದಲ್ಲಿ, ನೆಟ್ಟಗೆ, ಮೇಲಕ್ಕೂ ಕೆಳಕ್ಕೂ ವಾಲದ ಹಾಗೆ. ಕೋಣೆಯಲ್ಲಿ ಜಾಗ ಸಾಲದಿದ್ದರೆ 0.5x ಒತ್ತಬೇಡಿ, ತಾರಸಿಗೋ ಅಂಗಳದ ನೆರಳಿಗೋ ಹೋಗಿ. ಚಪ್ಪಟೆ ಹಿಮ್ಮಡಿಯ ಶೂ ಹಾಕಿ. ನೆತ್ತಿ ಮೇಲೆ, ಪಾದದ ಕೆಳಗೆ ಸ್ವಲ್ಪ ಜಾಗ ಬಿಡಿ. ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟಿರಲಿ. ಫ್ರೇಮಿನ ಅಂಚಿನಲ್ಲಿ ಬಾಗಿಲು ಬಂದರೆ ಬರಲಿ, ಒಳ್ಳೆಯದೇ. ಬಾಗಿಲು ಎಷ್ಟು ಎತ್ತರ ಇರುತ್ತದೆ ಅಂತ ನೋಡುವವರಿಗೆ ಅಂದಾಜು ಇರುತ್ತದೆ, ಪಕ್ಕದಲ್ಲೇ ನಿಂತ ನಿಮ್ಮ ಎತ್ತರವೂ ತಾನಾಗಿ ತಿಳಿಯುತ್ತದೆ. ಚೌಕಟ್ಟಿನ ಕಂಬಗಳು ನೆಟ್ಟಗೆ ನಿಂತಿವೆಯಾ ಅಂತ ಮಾತ್ರ ನೋಡಿಕೊಳ್ಳಿ.

ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿದ್ದರೆ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವಾದರೆ ಕುಗ್ಗಿಸಿಬಿಡುತ್ತದೆ. ಫೈಲಿನ ಹೆಸರು ನಿಮ್ಮ ಹೆಸರಿನಿಂದ ಶುರುವಾಗಿ, ಮುಂದೆ `_24_5ft8_Mysuru_closeup.jpg` ಅಂತ ಇರಲಿ. ಫೋಟೊ ಮೇಲೆ ಏನೂ ಬರೆಯಬೇಡಿ. ಇನ್ನು, ಕಳಿಸಿದ ಮೇಲೆ ಯಾರಾದರೂ "ಫೋಟೊ ಸರಿ ಇಲ್ಲ, ನಮ್ಮಲ್ಲೇ ಪೋರ್ಟ್‌ಫೋಲಿಯೊ ಮಾಡಿಸಿ, ಇಷ್ಟು ಸಾವಿರ ಕಟ್ಟಿ" ಅಂದರೆ ಅಲ್ಲಿಗೇ ಬಿಟ್ಟುಬಿಡಿ. ನಿಜವಾಗಿ ಪಾತ್ರಕ್ಕೆ ಹುಡುಕುತ್ತಿರುವವರು ನಟರ ಹತ್ತಿರ ದುಡ್ಡು ಕೇಳುವುದಿಲ್ಲ.

ಗಡ್ಡದ ವಿಷಯ ಉಳಿಯಿತು. ಕಾಸ್ಟಿಂಗ್ ಕಾಲ್‌ನಲ್ಲಿ ಏನೂ ಹೇಳಿಲ್ಲ ಅಂದರೆ ನನ್ನ ಸಲಹೆ ಕ್ಷೌರ ಮಾಡಿದ ಮುಖವೇ. ಗಡ್ಡ ಇದ್ದಾಗ ನೀವು 28ರವರ ಹಾಗೆ ಕಾಣುತ್ತೀರಿ, ಅವರು ಕೇಳಿರುವುದು 26ರ ಒಳಗೆ. ನಾಳೆ ಕ್ಷೌರ ಮಾಡಿ ಫೋಟೊ ತೆಗೆಸಿದರೆ, ಆಡಿಷನ್‌ಗೆ ಕರೆದ ದಿನವೂ ಹಾಗೇ ಹೋಗಿ. ತಲೆಕೂದಲನ್ನೂ ಅಲ್ಲಿಯ ತನಕ ಮುಟ್ಟಬೇಡಿ.