ಜರ್ಮನಿ ಆಫರ್: ಸ್ಥಳಾಂತರ ಭತ್ಯೆ, ಸೇರುವ ದಿನಾಂಕ

ಪ್ರಶ್ನೆ: ಹುಬ್ಬಳ್ಳಿಯಲ್ಲಿದ್ದೇನೆ, 90 ದಿನ ನೋಟಿಸ್ ಇದೆ. ಜರ್ಮನ್ ಕಂಪನಿ 4,000 ಯೂರೋ ಸ್ಥಳಾಂತರ ಭತ್ಯೆ ಕೊಡುತ್ತೇವೆ, ಬೇಗ ಸೇರಿ ಅನ್ನುತ್ತಿದೆ. ಏನು ಕೇಳಲಿ?

ಉತ್ತರ: ಮೊತ್ತ ಹೆಚ್ಚಿಸಲು ಹೇಳುವ ಮೊದಲು, ಅದನ್ನು ಬಿಲ್ ಆಧಾರದಲ್ಲಿ ಕೊಡಲು ಕೇಳಿ. ಸೇರುವ ದಿನಾಂಕವನ್ನು ವೀಸಾಕ್ಕೆ ಕಟ್ಟಿಸಿ.

ಇಡಿಗಂಟಾಗಿ ಕೊಟ್ಟ ಭತ್ಯೆಯನ್ನು ಅಲ್ಲಿ ಸಂಬಳದಂತೆಯೇ ಲೆಕ್ಕ ಹಾಕುತ್ತಾರೆ. ತೆರಿಗೆ, ವಿಮೆ ಸೇರಿ 40% ಕಡಿತವಾದರೆ ಕೈಗೆ ಬರುವುದು 2,400 ಮಾತ್ರ. ಅದೇ ವಿಮಾನ ಟಿಕೆಟ್, ಸಾಮಾನು ಸಾಗಣೆಯ ಖರ್ಚನ್ನು ರಸೀದಿ ನೋಡಿ ತುಂಬಿಕೊಟ್ಟರೆ, ನಿಗದಿತ ಮಿತಿಯೊಳಗೆ ತೆರಿಗೆ ಇಲ್ಲ. ಕಂಪನಿಗೂ ಹೆಚ್ಚಿನ ಹೊರೆಯಿಲ್ಲ, ಹಾಗಾಗಿ ಒಪ್ಪುವುದು ಸುಲಭ. ಮನೆಯ ಠೇವಣಿ ಮಾತ್ರ ಬೇರೆ ಲೆಕ್ಕ. ಅದು ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಹೋಗುತ್ತದೆ, ಮರಳಿ ಬರುವ ಹಣ. ಅದಕ್ಕೆ ಬಡ್ಡಿಯಿಲ್ಲದ ಮುಂಗಡ ಕೇಳಿ.

ದಿನಾಂಕದ ಸಾಲು ಹೀಗಿರಲಿ: 'ವೀಸಾ ಕೈಸೇರಿದ ಮೇಲೆ 90 ದಿನ ನೋಟಿಸ್, ನಂತರ ಎರಡು ವಾರ.' ಜರ್ಮನ್ ಕಂಪನಿಗೆ ಅವಸರವಿದ್ದರೆ, ನೋಟಿಸ್ ಮುಗಿಸದೆ ಬಿಡಲು ಈಗಿನ ಕಂಪನಿಗೆ ಕಟ್ಟಬೇಕಾದ ಹಣವನ್ನು ಅವರೇ ಭರಿಸಲಿ. ವೀಸಾಕ್ಕೆ ಮೊದಲೇ ರಾಜೀನಾಮೆ ಕೊಟ್ಟರೆ, ತಡವಾದಾಗ ಸಂಬಳವಿಲ್ಲದೆ ಮನೆಯಲ್ಲಿ ಕೂರುವವರು ನೀವು.

ವರ್ಷದೊಳಗೆ ಬಿಟ್ಟರೆ ಭತ್ಯೆ ಪೂರ್ತಿ ವಾಪಸ್ ಎಂಬ ಷರತ್ತಿದೆಯೇ ನೋಡಿ. ಇದ್ದರೆ, ಕೆಲಸ ಮಾಡಿದ ಪ್ರತಿ ತಿಂಗಳಿಗೂ ಹನ್ನೆರಡನೇ ಒಂದು ಪಾಲು ಕಡಿಮೆಯಾಗಲಿ ಎಂದು ಬರೆಸಿ.